ನೆಟ್ ವೇಟ್ ತಾಳೆಯಾಗುತ್ತಿಲ್ಲವೇ? ವ್ಯತ್ಯಾಸವನ್ನು ಭಾಗಿಸಿ ನೋಡಿ

ರಫ್ತಿನ ಕಾಗದಪತ್ರ ಕಳಿಸಿದ ಮೇಲೆ ಕಸ್ಟಮ್ಸ್ ಬ್ರೋಕರ್ ಆಫೀಸಿನಿಂದ ಬರುವ ಫೋನು ಹೆಚ್ಚುಕಮ್ಮಿ ಹೀಗೇ ಇರುತ್ತದೆ: "ಸಾರ್, ನಿಮ್ಮ ಪ್ಯಾಕಿಂಗ್ ಲಿಸ್ಟಲ್ಲಿರೋ ನೆಟ್ ವೇಟ್ ಇನ್‌ವಾಯ್ಸ್‌ಗೆ ತಾಳೆ ಆಗ್ತಿಲ್ಲ. ಗ್ರಾಸ್ ವೇಟು ವೇಬ್ರಿಡ್ಜ್ ಚೀಟಿಗೂ ಸರಿಹೋಗ್ತಿಲ್ಲ. ಸರಿಮಾಡಿ ಕಳಿಸಿ." ಏನು ತಪ್ಪು ಎಂದು ಅವರು ಹೇಳುವುದಿಲ್ಲ. ಅವರ ಮುಂದೆ ಇರುವುದು ಎರಡು ಮೂರು ಹಾಳೆ, ಅವುಗಳಲ್ಲಿನ ಒಟ್ಟು ಅಂಕಿ ಮಾತ್ರ. ತಪ್ಪು ಹುಟ್ಟಿದ್ದು ನಿಮ್ಮ ಪ್ಯಾಕಿಂಗ್ ಹಾಲಿನಲ್ಲಿ. ಅದನ್ನು ಹುಡುಕಬೇಕಾದವರೂ ನೀವೇ.

ಕೋಲಾರ, ಬಂಗಾರಪೇಟೆ, ಚಿಕ್ಕಬಳ್ಳಾಪುರದ ಕಡೆ ಮಿಡಿಸೌತೆ ಬೆಳೆಸಿ, ಗಾಜಿನ ಜಾರಿಗೆ ತುಂಬಿ ಹೊರದೇಶಕ್ಕೆ ಕಳಿಸುವ ಘಟಕಗಳಲ್ಲಿ ಈ ತೊಂದರೆ ಬೇರೆಯವರಿಗಿಂತ ಜಾಸ್ತಿ. ಬಟ್ಟೆಗೋ ಬೋಲ್ಟಿಗೋ ತೂಕ ಎಂದರೆ ಒಂದೇ. ಮಿಡಿಸೌತೆಯ ಜಾರಿಗೆ ಹಾಗಲ್ಲ: ಕಾಯಿಯ ತೂಕ, ಕಾಯಿಯೊಂದಿಗೆ ವಿನೆಗರ್ ನೀರಿನ ತೂಕ, ಗಾಜು ಮತ್ತು ಮುಚ್ಚಳ ಸೇರಿದ ತೂಕ, ರಟ್ಟಿನ ಪೆಟ್ಟಿಗೆ ಸೇರಿದ ತೂಕ, ಕೊನೆಗೆ ಪ್ಯಾಲೆಟ್ ಸೇರಿದ ತೂಕ ಎಂದು ಐದು ಹಂತ. ಒಬ್ಬರು ಒಂದು ಹಂತದಲ್ಲಿ ನಿಂತರೆ ಇನ್ನೊಬ್ಬರು ಮುಂದಿನ ಹಂತಕ್ಕೆ ಹೋಗಿರುತ್ತಾರೆ. ಅಲ್ಲಿಂದ ಶುರುವಾಗುತ್ತದೆ ತಾಳೆಯಾಗದ ಕತೆ.

ದೋಷ ಪತ್ತೆಗೆ ನಾನು ನೆಚ್ಚುವ ವಿಧಾನ ಒಂದೇ. ಎರಡು ಕಾಗದದ ನಡುವಿನ ವ್ಯತ್ಯಾಸವನ್ನು ತೆಗೆದು, ಅದನ್ನು ಪೆಟ್ಟಿಗೆಗಳ ಸಂಖ್ಯೆಯಿಂದ ಭಾಗಿಸುವುದು. ಬಂದ ಉತ್ತರ ಪ್ಯಾಕಿಂಗ್‌ನ ಯಾವುದೋ ಒಂದು ವಸ್ತುವಿನ ತೂಕಕ್ಕೆ ಸಮನಾಗಿದ್ದರೆ, ಬಿಟ್ಟುಹೋದದ್ದೋ ಜಾಸ್ತಿ ಸೇರಿದ್ದೋ ಅದೇ ವಸ್ತು.

ಮೊದಲು ಒಂದು ಪೆಟ್ಟಿಗೆಯನ್ನು ಬಿಚ್ಚಿ ತೂಗಿ

ಲೆಕ್ಕಕ್ಕೆ ಒಂದು ಉದಾಹರಣೆ ಇಟ್ಟುಕೊಳ್ಳೋಣ. ಕೋಲಾರದ ಹತ್ತಿರದ ಘಟಕದಿಂದ ಹ್ಯಾಂಬರ್ಗ್‌ಗೆ ಹೊರಟಿರುವ 20 ಅಡಿಯ ಒಂದು ಕಂಟೇನರ್. ಅದರಲ್ಲಿ ಎರಡು ಬಗೆಯ ಸರಕು: 720 ಮಿಲಿ ಜಾರು ಹನ್ನೆರಡು ಇರುವ 600 ಪೆಟ್ಟಿಗೆ, 370 ಮಿಲಿ ಜಾರು ಹನ್ನೆರಡು ಇರುವ 400 ಪೆಟ್ಟಿಗೆ. ಒಟ್ಟು 1000 ಪೆಟ್ಟಿಗೆ, 10 ಪ್ಯಾಲೆಟ್.

ಕಂಪ್ಯೂಟರ್ ಮುಂದೆ ಕೂರುವ ಮೊದಲು ಪ್ಯಾಕಿಂಗ್ ಹಾಲಿಗೆ ಹೋಗಿ ಪ್ರತಿ ಬಗೆಯಲ್ಲೂ ಒಂದು ಪೆಟ್ಟಿಗೆ ಬಿಚ್ಚಿಸಿ. ಖಾಲಿ ಜಾರು ಮುಚ್ಚಳದ ಸಮೇತ ಎಷ್ಟು, ಖಾಲಿ ಪೆಟ್ಟಿಗೆ ಒಳಗಿನ ಅಡ್ಡರಟ್ಟಿನ ಸಮೇತ ಎಷ್ಟು ಎಂದು ಸಣ್ಣ ತಕ್ಕಡಿಯಲ್ಲಿ ತೂಗಿ ಬರೆದುಕೊಳ್ಳಿ. ನಮ್ಮ ಉದಾಹರಣೆಯ 720 ಮಿಲಿ ಜಾರಿನ ಲೇಬಲ್ ಮೇಲೆ ನೆಟ್ 670 ಗ್ರಾಂ, ನೀರು ಬಸಿದ ತೂಕ 360 ಗ್ರಾಂ ಎಂದಿದೆ. ಖಾಲಿ ಜಾರು ಮುಚ್ಚಳದೊಂದಿಗೆ 320 ಗ್ರಾಂ, ಪೆಟ್ಟಿಗೆ 460 ಗ್ರಾಂ. ಹಾಗಾದರೆ ಒಂದು ಪೆಟ್ಟಿಗೆಯಲ್ಲಿ ಸರಕು 8.04 ಕಿಲೋ, ಗಾಜು 3.84 ಕಿಲೋ, ರಟ್ಟು 0.46 ಕಿಲೋ. ಒಟ್ಟು ಗ್ರಾಸ್ 12.34 ಕಿಲೋ.

370 ಮಿಲಿ ಜಾರಿನ ಲೇಬಲ್ ಮೇಲೆ ನೆಟ್ 340 ಗ್ರಾಂ, ಬಸಿದ ತೂಕ 190 ಗ್ರಾಂ. ಖಾಲಿ ಜಾರು 185 ಗ್ರಾಂ, ಪೆಟ್ಟಿಗೆ 300 ಗ್ರಾಂ. ಒಂದು ಪೆಟ್ಟಿಗೆಗೆ ಸರಕು 4.08, ಗಾಜು 2.22, ರಟ್ಟು 0.30, ಗ್ರಾಸ್ 6.60 ಕಿಲೋ.

ಈ ಎಂಟು ಅಂಕಿ ಒಂದು ಚೀಟಿಯಲ್ಲಿ ನಿಮ್ಮ ಮೇಜಿನ ಮೇಲಿರಲಿ. ಮುಂದಿನ ಪತ್ತೆದಾರಿಕೆಯೆಲ್ಲ ಇದರ ಮೇಲೇ. ಗಾಜಿನ ಸರಬರಾಜುದಾರರು ಕೊಟ್ಟ ಹಾಳೆಯ ತೂಕವನ್ನು ನಂಬಿ ಬರೆಯಬೇಡಿ. ಬೇರೆ ಕಡೆಯಿಂದ ಜಾರು ತರಿಸಿದ ತಿಂಗಳು ಖಾಲಿ ಜಾರಿನ ತೂಕ ಹತ್ತಿಪ್ಪತ್ತು ಗ್ರಾಂ ಆಚೀಚೆ ಆಗುತ್ತದೆ. ಪೆಟ್ಟಿಗೆಗೆ ಹನ್ನೆರಡು ಜಾರು ಎಂದರೆ ಆ ವ್ಯತ್ಯಾಸ ಆಗಲೇ ಕಾಲು ಕಿಲೋಗೆ ಬಂತು.

ನೆಟ್ ವೇಟ್ ಇನ್‌ವಾಯ್ಸ್‌ಗೆ ಸೇರುತ್ತಿಲ್ಲ

ಪ್ಯಾಕಿಂಗ್ ಲಿಸ್ಟಿನಲ್ಲಿ ಒಟ್ಟು ನೆಟ್ 9,648 ಕಿಲೋ ಎಂದಿದೆ, ಇನ್‌ವಾಯ್ಸ್‌ನಲ್ಲಿ 6,456 ಕಿಲೋ. ವ್ಯತ್ಯಾಸ 3,192 ಕಿಲೋ. ಇದನ್ನು 1000 ಪೆಟ್ಟಿಗೆಯಿಂದ ಭಾಗಿಸಿದರೆ 3.192 ಬರುತ್ತದೆ. ಚೀಟಿಯಲ್ಲಿ ಎಲ್ಲೂ 3.192 ಇಲ್ಲ. ಇಲ್ಲೇ ಹಲವರು ಕೈಬಿಟ್ಟು, ಇನ್‌ವಾಯ್ಸ್ ಅಂಕಿಯನ್ನೇ ಪ್ಯಾಕಿಂಗ್ ಲಿಸ್ಟಿಗೆ ನಕಲು ಹೊಡೆದು ಕಳಿಸಿಬಿಡುತ್ತಾರೆ. ಬ್ರೋಕರ್ ಫೋನು ನಿಲ್ಲುತ್ತದೆ, ನಿಜ. ಆದರೆ ಪೆಟ್ಟಿಗೆಯ ಮೇಲೆ ಅಚ್ಚಾಗಿರುವ ನೆಟ್ ವೇಟ್ ಹಳೆಯದೇ ಇರುತ್ತದಲ್ಲ! ಪರಿಶೀಲನೆಗೆ ಪೆಟ್ಟಿಗೆ ಇಳಿಸಿದ ದಿನ ಅದು ಕಣ್ಣಿಗೆ ಬೀಳುತ್ತದೆ.

ಎರಡು ಬಗೆಯ ಸರಕು ಇದ್ದಾಗ ಒಟ್ಟನ್ನು ಭಾಗಿಸಿ ಉಪಯೋಗವಿಲ್ಲ, ಸಾಲುಸಾಲಾಗಿ ಭಾಗಿಸಬೇಕು. 720 ಮಿಲಿ ಸಾಲಿನಲ್ಲಿ ಪ್ಯಾಕಿಂಗ್ ಲಿಸ್ಟ್ 7,128, ಇನ್‌ವಾಯ್ಸ್ 4,824. ವ್ಯತ್ಯಾಸ 2,304; ಅದನ್ನು 600ರಿಂದ ಭಾಗಿಸಿದರೆ ಸರಿಯಾಗಿ 3.84. ಚೀಟಿ ನೋಡಿ, ಅದು ಗಾಜು. 370 ಮಿಲಿ ಸಾಲಿನಲ್ಲಿ 2,520ರಿಂದ 1,632 ಕಳೆದರೆ 888. 400ರಿಂದ ಭಾಗಿಸಿದರೆ 2.22. ಅದೂ ಗಾಜೇ. ಎರಡು ಸಾಲೂ ಒಂದೇ ವಸ್ತುವನ್ನು ತೋರಿಸಿದ ಮೇಲೆ ಅನುಮಾನ ಉಳಿಯುವುದಿಲ್ಲ. ಪ್ಯಾಕಿಂಗ್ ಲಿಸ್ಟ್ ಮಾಡಿದವರು ತುಂಬಿದ ಪೆಟ್ಟಿಗೆಯನ್ನು ತೂಗಿ, ಖಾಲಿ ರಟ್ಟನ್ನು ಮಾತ್ರ ಕಳೆದು, ಉಳಿದದ್ದನ್ನು ನೆಟ್ ಎಂದು ಬರೆದಿದ್ದಾರೆ.

ಹಾಗೆ ಬರೆಯುವ ರೂಢಿ ವ್ಯಾಪಾರದಲ್ಲಿ ಇಲ್ಲದೆ ಇಲ್ಲ. ಒಳಪ್ಯಾಕಿಂಗ್ ಸೇರಿದ್ದನ್ನು ನೆಟ್ ಎಂದು, ಅದೂ ಕಳೆದದ್ದನ್ನು ನೆಟ್ ನೆಟ್ ಎಂದು ಕರೆಯುವವರಿದ್ದಾರೆ. ಆದರೆ ಸರಕು ಹೋಗುತ್ತಿರುವುದು ಹ್ಯಾಂಬರ್ಗ್‌ಗೆ. ಐರೋಪ್ಯ ಒಕ್ಕೂಟದ ಕಸ್ಟಮ್ಸ್ ಘೋಷಣೆಯಲ್ಲಿ ನೆಟ್ ಎಂದರೆ ಯಾವ ಪ್ಯಾಕಿಂಗೂ ಇಲ್ಲದ ಸರಕಿನ ತೂಕ. ಲೇಬಲ್ ಮೇಲಿನ 670 ಗ್ರಾಮಿಗೆ ಸರಿಹೋಗುವುದೂ ಅದೇ. ಹೀಗಾಗಿ ಜಾರಿನ ಸರಕಿಗೆ ಪೆಟ್ಟಿಗೆಯ ನೆಟ್ ಎಂದರೆ ಲೇಬಲ್ ನೆಟ್ ಗುಣಿಲೆ ಜಾರುಗಳ ಸಂಖ್ಯೆ, ಅಷ್ಟೆ. ಗಾಜಿನ ಲೆಕ್ಕ ಗ್ರಾಸ್‌ನಲ್ಲಿ ಬರಲಿ.

ಭಾಗಿಸಿದಾಗ 3.72 ಮತ್ತು 1.80 ಬಂದಿದ್ದರೆ ಬೇರೆ ರೋಗ. 670ರಿಂದ 360 ಕಳೆದರೆ 310 ಗ್ರಾಂ, ಹನ್ನೆರಡರಿಂದ ಗುಣಿಸಿದರೆ 3.72 ಕಿಲೋ; ಇದು ವಿನೆಗರ್ ನೀರು. 340ರಿಂದ 190 ಕಳೆದ 150 ಗ್ರಾಂ ಹನ್ನೆರಡು ಸಲ 1.80. ಯಾರೋ ಬಸಿದ ತೂಕವನ್ನು ನೆಟ್ ಅಂಕಣಕ್ಕೆ ಹಾಕಿದ್ದಾರೆ ಎಂದರ್ಥ. ಖರೀದಿದಾರರ ಜೊತೆ ದರ ಮಾತಾಡಿರುವುದು ಬಸಿದ ತೂಕದ ಮೇಲಾದರೆ ಈ ತಪ್ಪು ಆಗುವುದು ಸಹಜ. ಮಾರಾಟದವರ ತಲೆಯಲ್ಲಿ ಸದಾ ಅದೇ ಅಂಕಿ ಓಡುತ್ತಿರುತ್ತದೆ. ಬಸಿದ ತೂಕ ಬೇಕಾದರೆ ಅದಕ್ಕೆ ಬೇರೆ ಅಂಕಣ ಕೊಡಿ, ಮೇಲೆ `DRAINED WT` ಎಂದೇ ಬರೆಯಿರಿ. ನೆಟ್ ಅಂಕಣದೊಳಗೆ ಅದನ್ನು ನುಗ್ಗಿಸಬೇಡಿ. ಗಾಜು ಸೇರಿಹೋದಾಗ ಪ್ಯಾಕಿಂಗ್ ಲಿಸ್ಟಿನ ನೆಟ್ ಜಾಸ್ತಿ ಇರುತ್ತದೆ, ನೀರು ಬಿಟ್ಟುಹೋದಾಗ ಕಡಿಮೆ ಇರುತ್ತದೆ. ಭಾಗಿಸುವ ಮೊದಲೇ ಇಷ್ಟು ಸುಳಿವು ಸಿಗುತ್ತದೆ.

ಡ್ರಮ್ಮಿನಲ್ಲಿ ಉಪ್ಪುನೀರಿನೊಂದಿಗೆ ಕಳಿಸುವವರಿಗೆ ಇನ್ನೊಂದು ಮಾತು. ವಿನೆಗರ್‌ನಲ್ಲಿ ತಯಾರಾದ ಮಿಡಿಸೌತೆ ಕಸ್ಟಮ್ಸ್ ಸುಂಕಪಟ್ಟಿಯ 2001 10 ಶೀರ್ಷಿಕೆಗೆ ಬಂದರೆ, ಉಪ್ಪುನೀರಿನಲ್ಲಿ ತಾತ್ಕಾಲಿಕವಾಗಿ ಕೆಡದಂತೆ ಇಟ್ಟದ್ದು 0711 40ಕ್ಕೆ ಬರುತ್ತದೆ. ಜಾರಿನ ಪ್ಯಾಕಿಂಗ್ ಲಿಸ್ಟನ್ನೇ ತಿದ್ದಿ ಡ್ರಮ್ಮಿಗೆ ಬಳಸಿದಾಗ ಹಳೆಯ ಕೋಡ್ ಮತ್ತು ಹಳೆಯ ಸರಕಿನ ವಿವರ ಹಾಗೇ ಉಳಿದುಬಿಡುವುದುಂಟು. ತೂಕ ಹುಡುಕುವಾಗ ಆ ಸಾಲನ್ನೂ ಒಮ್ಮೆ ಓದಿ.

ಗ್ರಾಸ್ ವೇಟ್ ವೇಬ್ರಿಡ್ಜ್ ಚೀಟಿಗೆ ಸೇರುತ್ತಿಲ್ಲ

ಪ್ಯಾಕಿಂಗ್ ಲಿಸ್ಟಿನ ಗ್ರಾಸ್: 720 ಮಿಲಿ ಸಾಲು 7,404, 370 ಮಿಲಿ ಸಾಲು 2,640, ಒಟ್ಟು 10,044 ಕಿಲೋ. ಖಾಲಿ ಕಂಟೇನರ್ ಹೊತ್ತ ಟ್ರೇಲರ್ ಘಟಕಕ್ಕೆ ಬರುವಾಗ ತೂಗಿದ್ದು 14,860. ತುಂಬಿಕೊಂಡು ಹೋಗುವಾಗ 25,100. ಕಳೆದರೆ ಸರಕು 10,240. ವ್ಯತ್ಯಾಸ 196 ಕಿಲೋ.

ಇಲ್ಲೊಂದು ಆಮಿಷ ಕಾದಿರುತ್ತದೆ. 196ನ್ನು 1000 ಪೆಟ್ಟಿಗೆಗೆ ಹಂಚಿದರೆ ಪೆಟ್ಟಿಗೆಗೆ ಸುಮಾರು 200 ಗ್ರಾಂ. ಗ್ರಾಸ್ 12.34 ಇದ್ದದ್ದನ್ನು 12.54 ಮಾಡಿ, 6.60 ಇದ್ದದ್ದನ್ನು 6.80 ಮಾಡಿದರೆ ಒಟ್ಟು ಚೆಂದವಾಗಿ ಕೂರುತ್ತದೆ. ಹೀಗೆ ಮಾಡುವವರನ್ನು ನಾನು ಕಂಡಿದ್ದೇನೆ, ಬಹಳ ನೀಟಾಗಿ ಮಾಡುತ್ತಾರೆ. ಆದರೆ 200 ಗ್ರಾಂ ತೂಗುವ ವಸ್ತು ಯಾವುದೂ ಮೇಜಿನ ಮೇಲಿನ ಚೀಟಿಯಲ್ಲಿಲ್ಲ. ಚೀಟಿಯಲ್ಲಿ ಹೆಸರಿಲ್ಲದ ಉತ್ತರ ಬಂದರೆ ನೀವು ತಪ್ಪು ಸಂಖ್ಯೆಯಿಂದ ಭಾಗಿಸಿದ್ದೀರಿ ಎಂದು ತಿಳಿಯಿರಿ.

10ರಿಂದ ಭಾಗಿಸಿ ನೋಡಿ: 19.6. ಒಂದು ಪ್ಯಾಲೆಟ್ ಸುತ್ತಿದ ಪ್ಲಾಸ್ಟಿಕ್ ಹಾಳೆಯೊಂದಿಗೆ ಸುಮಾರು 20 ಕಿಲೋ. ಪ್ಯಾಕಿಂಗ್ ಲಿಸ್ಟಿನ ಗ್ರಾಸ್ ಪೆಟ್ಟಿಗೆಗಳಿಗೇ ನಿಂತುಬಿಟ್ಟಿದೆ, ಪ್ಯಾಲೆಟ್ ಸೇರಿಲ್ಲ. ಹತ್ತು ಪ್ಯಾಲೆಟ್ಟಿಗೆ 200 ಕಿಲೋ ಸೇರಿಸಿದರೆ 10,244. ಉಳಿದ 4 ಕಿಲೋಗೆ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಟೊಮೆಟೊ ಲಾರಿಗಳು ಸಾಲುಗಟ್ಟುವ ಈ ಕಡೆಯ ವೇಬ್ರಿಡ್ಜ್‌ಗಳಲ್ಲಿ ಅಂಕಿ ಹತ್ತತ್ತು ಅಥವಾ ಇಪ್ಪತ್ತಿಪ್ಪತ್ತು ಕಿಲೋ ಹೆಜ್ಜೆಯಲ್ಲೇ ಏರುತ್ತದೆ, ಅದಕ್ಕಿಂತ ಸೂಕ್ಷ್ಮ ಅದು ತೋರಿಸುವುದಿಲ್ಲ.

ಅನುಮಾನ ಪೂರ್ತಿ ಹೋಗಬೇಕಾದರೆ ಬೇರೆ ಬೇರೆ ಪ್ಯಾಲೆಟ್ಟಿನಿಂದ ಹತ್ತು ಪೆಟ್ಟಿಗೆ ತೆಗೆಸಿ ಒಟ್ಟಿಗೆ ತೂಗಿಸಿ. 720 ಮಿಲಿಯ ಹತ್ತು ಪೆಟ್ಟಿಗೆ 123.6 ಕಿಲೋ ಬಂದರೆ ಸರಾಸರಿ 12.36. ನಿಮ್ಮ 12.34 ಸರಿಯಾಗಿದೆ, ತಪ್ಪು ಪೆಟ್ಟಿಗೆಯಲ್ಲಿಲ್ಲ. 125.4 ಬಂದಿದ್ದರೆ ಆಗ ಮಾತ್ರ ಪೆಟ್ಟಿಗೆಗೆ 200 ಗ್ರಾಂ ನಿಜವಾಗಿ ಜಾಸ್ತಿ ಇದೆ ಎಂದಾಯಿತು. ಜಾರು ಬದಲಾಗಿದೆಯೋ ದಪ್ಪ ರಟ್ಟು ಬಂದಿದೆಯೋ ನೋಡಬೇಕು.

ವೇಬ್ರಿಡ್ಜ್ ಚೀಟಿಯೇ ತಪ್ಪಿರುವುದೂ ಉಂಟು. ಖಾಲಿ ತೂಗುವಾಗ ಡ್ರೈವರ್ ಕೆಳಗಿಳಿದು, ತುಂಬಿದ ಮೇಲೆ ಡ್ರೈವರ್, ಕ್ಲೀನರ್ ಇಬ್ಬರೂ ಮೇಲೆ ಕೂತಿದ್ದರೆ ನೂರು ನೂರೈವತ್ತು ಕಿಲೋ ಸರಕಾಗಿ ಹೋಗುತ್ತದೆ. ನಡುವೆ ಡೀಸೆಲ್ ಹಾಕಿಸಿದರೂ ಹಾಗೆಯೇ. ಎರಡು ತೂಕವೂ ಒಂದೇ ವೇಬ್ರಿಡ್ಜಿನಲ್ಲಿ, ಒಂದೇ ದಿನ, ಗಾಡಿಯ ಮೇಲೆ ಅಷ್ಟೇ ಜನ ಇದ್ದಾಗ ಆಗಬೇಕು. "ಅಣ್ಣಾ, ಖಾಲಿ ತೂಕ ಹೋದ ಟ್ರಿಪ್‌ದೇ ಹಾಕೋಣ, ಗಾಡಿ ಅದೇ ಅಲ್ವಾ" ಎಂದು ಡ್ರೈವರ್ ಹೇಳಿದರೆ ಒಪ್ಪಬೇಡಿ. ಗಾಡಿ ಅದೇ ಇರಬಹುದು, ಮೇಲಿರುವ ಕಂಟೇನರ್ ಅದಲ್ಲ.

ಇದೇ ಗ್ರಾಸ್ ಅಂಕಿಯ ಮೇಲೆ ವಿಜಿಎಂ ನಿಂತಿದೆ. 2016ರ ಜುಲೈ 1ರಿಂದ ತುಂಬಿದ ಕಂಟೇನರಿನ ಈ ದೃಢೀಕೃತ ತೂಕ ಕೊಡದೆ ಕಂಟೇನರನ್ನು ಹಡಗಿಗೆ ಏರಿಸುವಂತಿಲ್ಲ. ತುಂಬಿದ ಕಂಟೇನರನ್ನೇ ತೂಗಬಹುದು, ಇಲ್ಲವೇ ಸರಕು, ಪ್ಯಾಕಿಂಗ್, ಪ್ಯಾಲೆಟ್, ಅಲುಗಾಡದಂತೆ ಇಟ್ಟ ಮರ ಮತ್ತು ಗಾಳಿಚೀಲ, ಕಂಟೇನರ್ ಬಾಗಿಲ ಮೇಲೆ ಬರೆದ ಖಾಲಿ ತೂಕ ಎಲ್ಲವನ್ನೂ ಕೂಡಿಸಬಹುದು. ಎರಡನೇ ದಾರಿ ಹಿಡಿದವರ ಪ್ಯಾಕಿಂಗ್ ಲಿಸ್ಟಿನಲ್ಲಿ ಪ್ಯಾಲೆಟ್ ಬಿಟ್ಟುಹೋಗಿದ್ದರೆ ವಿಜಿಎಂನಲ್ಲೂ ಬಿಟ್ಟುಹೋಗುತ್ತದೆ. ಅಲ್ಲದೆ ವಿಜಿಎಂನಲ್ಲಿ ಕಂಟೇನರಿನ ತೂಕ ಸೇರಿರುವುದರಿಂದ ಅದು ಪ್ಯಾಕಿಂಗ್ ಲಿಸ್ಟಿನ ಗ್ರಾಸ್‌ಗೆ ಯಾವತ್ತೂ ಸಮನಾಗುವುದಿಲ್ಲ. ಸಮನಾಗಿದೆ ಎಂದು ಖುಷಿಪಟ್ಟರೆ ಎರಡರಲ್ಲೊಂದು ತಪ್ಪಿದೆ ಎಂದೇ ಅರ್ಥ.

ಉತ್ತರ ಬಹಳ ಸಣ್ಣದು ಬಂದರೆ

ಭಾಗಿಸಿದಾಗ 0.04, 0.03 ಹೀಗೆ ಬಂದರೆ ಅದು ವಸ್ತುವಿನದಲ್ಲ, ದಶಮಾಂಶ ಕತ್ತರಿಸಿದ್ದರ ಫಲ. 12.34ನ್ನು 12.3 ಎಂದು ಬರೆದು 600ರಿಂದ ಗುಣಿಸಿದರೆ 24 ಕಿಲೋ ಕಾಣೆ. ಎಕ್ಸೆಲ್‌ನಲ್ಲಿ ಇದು ಇನ್ನೂ ಕಾಡುತ್ತದೆ: ಪರದೆಯ ಮೇಲೆ 12.3 ಕಾಣಿಸಿದರೂ ಒಳಗೆ 12.34 ಇರುತ್ತದೆ, ಒಟ್ಟು 7,404 ಬರುತ್ತದೆ, ಬ್ರೋಕರ್ ಕೈಯಲ್ಲಿ ಕ್ಯಾಲ್ಕುಲೇಟರ್ ಹಿಡಿದು 7,380 ಎನ್ನುತ್ತಾರೆ. ಪೆಟ್ಟಿಗೆಯ ತೂಕ ಎರಡು ದಶಮಾಂಶ ತೋರಿಸಲಿ, ಒಳಗಿನ ಅಂಕಿಯೂ ಅಷ್ಟಕ್ಕೇ ನಿಲ್ಲಲಿ.

```
=ROUND(E5,2)*D5
```

ಇಲ್ಲಿ `E5` ಒಂದು ಪೆಟ್ಟಿಗೆಯ ಗ್ರಾಸ್, `D5` ಪೆಟ್ಟಿಗೆಗಳ ಸಂಖ್ಯೆ.

ತೂಕ ಸರಿ, ಆದರೂ ಪೆಟ್ಟಿಗೆ ಗುರುತು ಕೇಳುತ್ತಿದ್ದಾರೆ

ಕಸ್ಟಮ್ಸ್‌ಗೆ ಸಲ್ಲಿಸುವ ರಫ್ತು ಘೋಷಣೆಯಾದ ಶಿಪ್ಪಿಂಗ್ ಬಿಲ್ಲಿನಲ್ಲಿ ಗುರುತು ಮತ್ತು ಸಂಖ್ಯೆ ಎಂಬ ಜಾಗವಿದೆ. ಪೆಟ್ಟಿಗೆಯ ಮೇಲೆ ಏನು ಅಚ್ಚಾಗಿದೆಯೋ ಪ್ಯಾಕಿಂಗ್ ಲಿಸ್ಟಿನಲ್ಲಿ ಅದೇ ಇರಬೇಕು, ಅದೇ ಆ ಜಾಗಕ್ಕೆ ಹೋಗಬೇಕು. ಅಧಿಕಾರಿ ಇಂತಿಂಥ ಸಂಖ್ಯೆಯ ಪೆಟ್ಟಿಗೆ ತೆಗೆಯಿರಿ ಎಂದಾಗ ಆ ಸಂಖ್ಯೆಯ ಪೆಟ್ಟಿಗೆ ಒಂದೇ ಇರಬೇಕು, ಅದರೊಳಗೆ ಲಿಸ್ಟ್ ಹೇಳಿದ ಸರಕೇ ಇರಬೇಕು.

ಸಾಮಾನ್ಯ ದೋಷ: 720 ಮಿಲಿಗೆ 1ರಿಂದ 600, 370 ಮಿಲಿಗೆ ಮತ್ತೆ 1ರಿಂದ 400. ಎರಡು ಲೈನಿನಲ್ಲಿ ಪ್ಯಾಕ್ ಮಾಡುವ ಹೆಂಗಸರಿಗೆ ಬೇರೆ ಬೇರೆ ಸ್ಟಿಕ್ಕರ್ ರೋಲ್ ಕೊಟ್ಟರೆ ಹೀಗಾಗುತ್ತದೆ. ಪೆಟ್ಟಿಗೆ ಸಂಖ್ಯೆ 250 ತೆಗೆಯಿರಿ ಎಂದರೆ ಎರಡು ಪೆಟ್ಟಿಗೆ ಎದುರಿಗೆ ನಿಲ್ಲುತ್ತವೆ. ಇನ್ನೊಂದು, ಮೊದಲ ಸಾಲು 1ರಿಂದ 600, ಎರಡನೇ ಸಾಲು 600ರಿಂದ 1000. ನೋಡಲು ಸರಿಯೆನಿಸಿದರೂ 600 ಎರಡು ಕಡೆ ಬಂತು. ಪ್ರತಿ ಸಾಲಿಗೂ ಕೊನೆಯ ಸಂಖ್ಯೆಯಿಂದ ಮೊದಲನೆಯದನ್ನು ಕಳೆದು ಒಂದು ಕೂಡಿಸಿ. ಆ ಸಾಲಿನ ಪೆಟ್ಟಿಗೆಗಳ ಸಂಖ್ಯೆ ಬರಬೇಕು. 1000ರಿಂದ 600 ಕಳೆದು ಒಂದು ಕೂಡಿಸಿದರೆ 401, ಪೆಟ್ಟಿಗೆ 400. ಸಿಕ್ಕಿಬಿತ್ತು.

ಕೊನೆಯ ಪೆಟ್ಟಿಗೆಯಲ್ಲಿ ಹನ್ನೆರಡರ ಬದಲು ಏಳೇ ಜಾರು ಉಳಿದರೆ ಅದನ್ನು ಬೇರೆ ಪೆಟ್ಟಿಗೆಗಳ ಗುಂಪಿನಲ್ಲಿ ಅಡಗಿಸಬೇಡಿ. ಅದರ ಸಂಖ್ಯೆ, ಅದರ ನೆಟ್, ಅದರ ಗ್ರಾಸ್ ಹಾಕಿ ಒಂಟಿ ಸಾಲು ಕೊಡಿ.

ನಮ್ಮ ಉದಾಹರಣೆಯ 720 ಮಿಲಿ ಪೆಟ್ಟಿಗೆಯ ಗುರುತು ಹೀಗಿರಬಹುದು:

```
HAMBURG
PICKLED GHERKINS 12 X 720 ML
C/NO. 1 / 1000
NET WT 8.04 KG
GROSS WT 12.34 KG
MADE IN INDIA
```

ಪ್ಯಾಕೇಜು ಎಷ್ಟು ಎಂಬ ಪ್ರಶ್ನೆಗೂ ಇಲ್ಲೇ ಉತ್ತರ ನಿಶ್ಚಯಿಸಿ. 1000 ಪೆಟ್ಟಿಗೆಯೋ, 10 ಪ್ಯಾಲೆಟ್ಟೋ? ಎರಡೂ ನಿಜ, ಆದರೆ ಶಿಪ್ಪಿಂಗ್ ಬಿಲ್ಲಿನಲ್ಲಿ ಒಂದು, ಹಡಗು ಕಂಪನಿಯ ಕಾಗದದಲ್ಲಿ ಇನ್ನೊಂದು ಹೋದರೆ, ಹಡಗು ಕಂಪನಿ ಕಸ್ಟಮ್ಸ್‌ಗೆ ಸಲ್ಲಿಸುವ ರಫ್ತು ಸರಕಿನ ಪಟ್ಟಿಯಾದ ಇಜಿಎಂ ಶಿಪ್ಪಿಂಗ್ ಬಿಲ್ಲಿಗೆ ಹೊಂದದೆ ನಿಮ್ಮ ಐಜಿಎಸ್‌ಟಿ ಮರುಪಾವತಿ ಸಿಕ್ಕಿಹಾಕಿಕೊಳ್ಳುತ್ತದೆ. ಪ್ಯಾಕಿಂಗ್ ಲಿಸ್ಟಿನಲ್ಲಿ `1000 CARTONS ON 10 PALLETS` ಎಂದು ಬರೆದು, ಎಣಿಕೆಗೆ ಯಾವುದನ್ನು ಹಿಡಿಯುವುದು ಎಂದು ಬ್ರೋಕರ್ ಮತ್ತು ಫಾರ್ವರ್ಡರ್ ಇಬ್ಬರಿಗೂ ಒಂದೇ ಮೇಲ್‌ನಲ್ಲಿ ತಿಳಿಸಿ.

ತಿದ್ದಿದ ಮೇಲೆ ಲಿಸ್ಟಿನ ತೂಕದ ಭಾಗ ಇಷ್ಟು:

| ಪೆಟ್ಟಿಗೆ ಸಂಖ್ಯೆ | ಜಾರು | ಪೆಟ್ಟಿಗೆ | ಒಂದರ ನೆಟ್ | ಒಂದರ ಗ್ರಾಸ್ | ಒಟ್ಟು ನೆಟ್ | ಒಟ್ಟು ಗ್ರಾಸ್ |
|---|---|---|---|---|---|---|
| 1–600 | 12 × 720 ಮಿಲಿ | 600 | 8.04 | 12.34 | 4,824 | 7,404 |
| 601–1000 | 12 × 370 ಮಿಲಿ | 400 | 4.08 | 6.60 | 1,632 | 2,640 |
| ಪ್ಯಾಲೆಟ್ 10 | | | | 20.00 | | 200 |
| ಒಟ್ಟು | | 1000 | | | 6,456 | 10,244 |

ಪ್ಯಾಲೆಟ್ಟಿಗೆ ಬೇರೆ ಸಾಲು ಕೊಟ್ಟಿರುವುದನ್ನು ಗಮನಿಸಿ. ಪೆಟ್ಟಿಗೆಯ ಮೇಲಿನ ಗ್ರಾಸ್ ಕೆಡುವುದಿಲ್ಲ, ವೇಬ್ರಿಡ್ಜಿಗೂ ಒಟ್ಟು ಸರಿಹೋಗುತ್ತದೆ.

ಯಾವಾಗ ತಿಳಿಯಿತು ಎಂಬುದರ ಮೇಲೆ ಮುಂದಿನ ದಾರಿ

ಶಿಪ್ಪಿಂಗ್ ಬಿಲ್ ಸಲ್ಲಿಸುವ ಮೊದಲು ಬ್ರೋಕರ್ ಒಂದು ಚೆಕ್‌ಲಿಸ್ಟ್ ಕಳಿಸಿ ಒಪ್ಪಿಗೆ ಕೇಳುತ್ತಾರೆ. ವೈಟ್‌ಫೀಲ್ಡ್ ಡಿಪೋಗೆ ಗಾಡಿ ಹೊರಡುವ ಗಡಿಬಿಡಿಯಲ್ಲಿ ಅದನ್ನು ಓದದೆ ಓಕೆ ಎನ್ನುವುದು ರೂಢಿ. ನೆಟ್, ಗ್ರಾಸ್, ಪ್ಯಾಕೇಜ್ ಸಂಖ್ಯೆ, ಗುರುತು ಈ ನಾಲ್ಕನ್ನಾದರೂ ಓದಿ. ಇಲ್ಲಿ ಸಿಕ್ಕರೆ ಹೊಸ ಪ್ಯಾಕಿಂಗ್ ಲಿಸ್ಟ್ ಕಳಿಸಿದರೆ ಮುಗಿಯಿತು. ಬಿಲ್ ಸಲ್ಲಿಕೆಯಾದ ಮೇಲಾದರೆ ಬ್ರೋಕರ್ ಮೂಲಕ ತಿದ್ದುಪಡಿಗೆ ಅರ್ಜಿ ಹಾಕಬೇಕು.

ಸರಕು ರಫ್ತಾಗಿಹೋದ ಮೇಲೆ ತಿಳಿದರೆ 1962ರ ಕಸ್ಟಮ್ಸ್ ಕಾಯ್ದೆಯ 149ನೇ ಕಲಮಿನಡಿ ತಿದ್ದುಪಡಿ ಕೇಳಬಹುದು. ಆದರೆ ಸರಕು ರಫ್ತಾದ ಹೊತ್ತಿಗೇ ಇದ್ದ ದಾಖಲೆಯ ಆಧಾರ ಬೇಕು. ಆಮೇಲೆ ಕೂತು ಬರೆದ ವಿವರಣೆ ನಡೆಯುವುದಿಲ್ಲ. ಜಾರು, ರಟ್ಟು ತೂಗಿ ಬರೆದ ಚೀಟಿ, ಹತ್ತು ಪೆಟ್ಟಿಗೆಯ ತೂಕ, ವೇಬ್ರಿಡ್ಜಿನ ಖಾಲಿ ಮತ್ತು ತುಂಬಿದ ಎರಡೂ ಚೀಟಿಗಳ ಮೇಲೆ ಅಂದೇ ತಾರೀಖು, ಗಾಡಿ ಸಂಖ್ಯೆ, ಕಂಟೇನರ್ ಸಂಖ್ಯೆ ಬರೆದು ಸೂಪರ್‌ವೈಸರ್ ಸಹಿ ಹಾಕಿಸಿ, ಇನ್‌ವಾಯ್ಸ್ ಪ್ರತಿಗೆ ಪಿನ್ ಹಾಕಿ ಇಡಿ. ವೇಬ್ರಿಡ್ಜ್ ಚೀಟಿಯನ್ನು ಜೆರಾಕ್ಸ್ ಮಾಡಿಸಿಯೇ ಇಡಬೇಕು, ಆ ಥರ್ಮಲ್ ಕಾಗದದ ಅಕ್ಷರ ಕೆಲವೇ ತಿಂಗಳಲ್ಲಿ ಮಾಸಿಹೋಗುತ್ತದೆ.